ಒಂದೇ ಚಿತ್ರದಲ್ಲಿ ಎರಡು ಕಾಯಿಲೆ

ಶುಗರ್ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗದ ಫೋಟೊ ತೆಗೆಸಿಕೊಳ್ಳುವುದು ನಮ್ಮಲ್ಲಿ ನಿಧಾನವಾಗಿ ರೂಢಿಗೆ ಬರುತ್ತಿದೆ. ಪಾಪೆ ಅಗಲವಾಗಲು ಹನಿ ಹಾಕುತ್ತಾರೆ. ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಿಸುತ್ತಾರೆ. ಆಮೇಲೆ ಕ್ಯಾಮೆರಾದ ಮುಂದೆ ಗದ್ದ ಆನಿಸಿ, ಒಳಗಿನ ಚಿಕ್ಕ ದೀಪವನ್ನೇ ನೋಡಿ ಎನ್ನುತ್ತಾರೆ. ಒಮ್ಮೆ ಬೆಳಕು ಹೊಡೆಯುತ್ತದೆ, ಪರದೆಯ ಮೇಲೆ ಕಿತ್ತಳೆ ಬಣ್ಣದ ದುಂಡನೆಯ ಚಿತ್ರ ಮೂಡುತ್ತದೆ. ‘ಶುಗರಿನಿಂದ ತೊಂದರೆ ಏನೂ ಆಗಿಲ್ಲ’ ಎಂದೋ ‘ಸ್ವಲ್ಪ ಶುರುವಾಗಿದೆ’ ಎಂದೋ ಕೇಳಿಕೊಂಡು ಜನ ಮನೆಗೆ ಹೋಗುತ್ತಾರೆ. ಆದರೆ ಅದೇ ಚಿತ್ರದಲ್ಲಿ ಗ್ಲಾಕೋಮಾದ ಗುರುತೂ ಇರಬಹುದು. ಶುಗರಿನ ಗುರುತು ಹುಡುಕುವ ಕಣ್ಣಿಗೆ ಅದು ಬೀಳದೆ ಹೋಗುವುದು ನಾವಂದುಕೊಳ್ಳುವುದಕ್ಕಿಂತ ಸಾಮಾನ್ಯ. ಹೀಗೇಕಾಗುತ್ತದೆ ಎಂದು ತಿಳಿಯಬೇಕಾದರೆ ಆ ಚಿತ್ರವನ್ನು ಓದುವ ಕ್ರಮ ಸ್ವಲ್ಪ ಗೊತ್ತಿರಬೇಕು.

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಚಿತ್ರದ ಒಂದು ಬದಿಯಲ್ಲಿ ತಿಳಿಹಳದಿ-ಗುಲಾಬಿ ಬಣ್ಣದ ಒಂದು ವೃತ್ತ ಕಾಣುತ್ತದೆ. ಅದು ಆಪ್ಟಿಕ್ ಡಿಸ್ಕ್. ರೆಟಿನಾದ ಎಲ್ಲ ಮೂಲೆಗಳಿಂದ ಬಂದ ಸುಮಾರು ಹತ್ತು ಲಕ್ಷ ನರತಂತುಗಳು ಒಟ್ಟುಗೂಡಿ ಮಿದುಳಿನ ಕಡೆಗೆ ಹೊರಡುವ ಬಾಗಿಲು ಅದು. ಅದರ ಅಗಲ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್ ಮಾತ್ರ. ರಕ್ತನಾಳಗಳು ಕಣ್ಣಿನೊಳಗೆ ಬರುವುದೂ ಹೋಗುವುದೂ ಇಲ್ಲಿಂದಲೇ. ಬಲಗಣ್ಣಿನ ಚಿತ್ರದಲ್ಲಿ ಡಿಸ್ಕ್ ಬಲಕ್ಕೆ, ಎಡಗಣ್ಣಿನದರಲ್ಲಿ ಎಡಕ್ಕೆ ಇರುತ್ತದೆ. ಹಾಗಾಗಿ ಚಿತ್ರದ ಮೇಲೆ ಏನೂ ಬರೆಯದಿದ್ದರೂ ಅದು ಯಾವ ಕಣ್ಣು ಎಂದು ಹೇಳಬಹುದು. ಡಿಸ್ಕಿನಿಂದ ಕಿವಿಯ ಕಡೆಗೆ, ಅದರ ಎರಡೂವರೆ ಪಟ್ಟು ದೂರದಲ್ಲಿ, ಸ್ವಲ್ಪ ಕಪ್ಪಾಗಿ ಕಾಣುವ ಜಾಗ ಮ್ಯಾಕ್ಯುಲಾ. ನಾವು ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿದ್ದವರ ಮುಖ ಗುರುತಿಸುವುದು ಇದರ ನಡುಬಿಂದುವಿನಿಂದ.

ಸಕ್ಕರೆ ಕಾಯಿಲೆ ಕೆಡಿಸುವುದು ರಕ್ತನಾಳಗಳನ್ನು, ಅದರಲ್ಲೂ ಕೂದಲಿಗಿಂತ ಸಣ್ಣವಾದ ಲೋಮನಾಳಗಳನ್ನು. ಈ ನಾಳಗಳ ಗೋಡೆಗೆ ಹೊರಗಿನಿಂದ ಆಸರೆಯಾಗಿರುವ ಜೀವಕೋಶಗಳು ವರ್ಷಗಟ್ಟಲೆ ಹೆಚ್ಚಿದ ಸಕ್ಕರೆಯಿಂದ ಒಂದೊಂದಾಗಿ ಸಾಯುತ್ತವೆ. ಆಸರೆ ತಪ್ಪಿದ ಜಾಗದಲ್ಲಿ ಗೋಡೆ ಉಬ್ಬುತ್ತದೆ. ಚಿತ್ರದಲ್ಲಿ ಅದು ಸಣ್ಣ ಕೆಂಪು ಚುಕ್ಕೆ. ಇದಕ್ಕೆ ಮೈಕ್ರೋಅನ್ಯೂರಿಸಂ ಎನ್ನುತ್ತಾರೆ. ಕಣ್ಣಿಗೆ ಶುಗರ್ ತಾಕಿದ್ದರ ಮೊದಲ ಗುರುತು ಸಾಮಾನ್ಯವಾಗಿ ಇದೇ. ಚುಕ್ಕೆಗಿಂತ ದೊಡ್ಡದಾಗಿ, ಅಂಚು ಅಸ್ಪಷ್ಟವಾಗಿ ಕಾಣುವ ಕೆಂಪು ಕಲೆ ರಕ್ತಸ್ರಾವ. ಉಬ್ಬಿದ ನಾಳದಿಂದ ರಕ್ತದ ನೀರಿನ ಅಂಶ ಹೊರಗೆ ಸೋರುತ್ತದೆ, ಅದರೊಟ್ಟಿಗೆ ಕೊಬ್ಬು, ಪ್ರೋಟೀನುಗಳೂ ಬರುತ್ತವೆ. ನೀರು ಹೀರಿಹೋದ ಮೇಲೆ ಕೊಬ್ಬು ಅಲ್ಲೇ ಉಳಿದು ಗಟ್ಟಿಯಾಗುತ್ತದೆ. ಅದು ಹಳದಿಯಾಗಿ, ಮೇಣದಂತೆ ಮಿರುಗುತ್ತ, ಅಂಚು ಕತ್ತರಿಸಿದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಎಷ್ಟೋ ಸಲ ಈ ಹಳದಿ ಕಣಗಳು ಉಂಗುರದಂತೆ ಸಾಲುಗಟ್ಟುತ್ತವೆ. ಉಂಗುರದ ನಡುವೆ ಹುಡುಕಿದರೆ ಸೋರುತ್ತಿರುವ ಕೆಂಪು ಚುಕ್ಕೆಗಳು ಸಿಗುತ್ತವೆ.

ಸೋರುವುದು ಒಂದು ತೊಂದರೆಯಾದರೆ ನಾಳ ಕಟ್ಟಿಕೊಳ್ಳುವುದು ಇನ್ನೊಂದು, ಮತ್ತು ದೊಡ್ಡದು. ರಕ್ತ ಸಿಗದ ಜಾಗದಲ್ಲಿ ನರತಂತುಗಳು ಊದಿಕೊಂಡು, ಅಂಚಿಲ್ಲದ ಬಿಳಿ ಮಚ್ಚೆ ಕಾಣುತ್ತದೆ. ವೈದ್ಯರು ಅದನ್ನು ಹತ್ತಿಯ ಮಚ್ಚೆ ಎಂದೇ ಕರೆಯುತ್ತಾರೆ. ಅಶುದ್ಧರಕ್ತ ನಾಳಗಳು ಒಂದೇ ದಪ್ಪವಾಗಿ ಸಾಗುವ ಬದಲು ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಸಣ್ಣಗಾಗುತ್ತವೆ. ಚಿತ್ರವನ್ನು ನಾಲ್ಕು ಭಾಗ ಮಾಡಿಕೊಂಡು, ನಾಲ್ಕರಲ್ಲೂ ಹೇರಳವಾಗಿ ರಕ್ತಸ್ರಾವವಿದ್ದರೆ, ಅಥವಾ ಎರಡು ಭಾಗಗಳಲ್ಲಿ ನಾಳಗಳು ಹೀಗೆ ಉಬ್ಬುತಗ್ಗಾಗಿದ್ದರೆ, ಅಥವಾ ಒಂದೇ ಭಾಗದಲ್ಲಾದರೂ ಲೋಮನಾಳಗಳು ಎದ್ದು ಕಾಣುವಂತೆ ಸುರುಳಿ ಸುತ್ತಿಕೊಂಡಿದ್ದರೆ ಕಾಯಿಲೆ ತೀವ್ರ ಹಂತ ಮುಟ್ಟಿದೆ ಎಂದು ಅರ್ಥ. ಇದನ್ನು ನೇತ್ರವೈದ್ಯರು 4-2-1 ಲೆಕ್ಕ ಎನ್ನುತ್ತಾರೆ. ಅದರ ಮುಂದಿನ ಹಂತದಲ್ಲಿ ಹಸಿದ ರೆಟಿನಾ ಹೊಸ ನಾಳಗಳನ್ನು ಬೆಳೆಸುತ್ತದೆ. ಅವು ಬಲವಿಲ್ಲದ ನಾಳಗಳು, ಒಡೆದರೆ ಕಣ್ಣಿನೊಳಗೆಲ್ಲ ರಕ್ತ ತುಂಬುತ್ತದೆ. ದೃಷ್ಟಿ ಒಂದೇ ದಿನದಲ್ಲಿ ಹೋಗುವುದು ಇಂಥ ಹೊತ್ತಿನಲ್ಲಿ.

ಗಮನಿಸಿ, ಇವೆಲ್ಲ ಚಿತ್ರಕ್ಕೆ ಹೊಸದಾಗಿ ಸೇರಿಕೊಂಡವು. ಕೆಂಪು ಚುಕ್ಕೆ, ಹಳದಿ ಕಣ, ಬಿಳಿ ಮಚ್ಚೆ, ಹೊಸ ನಾಳ, ಯಾವುದೂ ಮೊದಲು ಅಲ್ಲಿರಲಿಲ್ಲ. ಇಲ್ಲದ್ದು ಬಂದರೆ ಕಣ್ಣಿಗೆ ಬೀಳುತ್ತದೆ. ಗ್ಲಾಕೋಮಾ ಇದಕ್ಕೆ ತಿರುಗುಮುರುಗು. ಅಲ್ಲಿ ಇದ್ದದ್ದು ಕಡಿಮೆಯಾಗುತ್ತ ಹೋಗುತ್ತದೆ, ಅದೂ ವರ್ಷಗಟ್ಟಲೆ, ಬಣ್ಣದ ಗುರುತು ಬಿಡದೆ.

ಡಿಸ್ಕಿಗೆ ಮರಳೋಣ. ನರತಂತುಗಳು ನಾಲ್ಕೂ ಕಡೆಯಿಂದ ಬಂದು, ಡಿಸ್ಕಿನ ಅಂಚಿನಲ್ಲಿ ಬಾಗಿ ಕೆಳಗಿಳಿಯುತ್ತವೆ. ನಡುವೆ ಒಂದು ಗುಳಿ ಉಳಿಯುತ್ತದೆ. ಉದ್ದಿನ ವಡೆಯನ್ನು ಮೇಲಿನಿಂದ ನೋಡಿದಂತೆ ಎಂದುಕೊಳ್ಳಿ: ನಡುವಿನ ತೂತನ್ನು ‘ಕಪ್’ ಎನ್ನುತ್ತಾರೆ, ಸುತ್ತಲಿನ ಬಳೆಯನ್ನು ‘ರಿಮ್’ ಎನ್ನುತ್ತಾರೆ. ಆ ಬಳೆಯೇ ಜೀವಂತ ನರತಂತುಗಳು. ತಂತುಗಳು ಸತ್ತಷ್ಟೂ ಬಳೆ ಸವೆಯುತ್ತದೆ, ಗುಳಿ ಅಗಲವಾಗುತ್ತದೆ. ಡಿಸ್ಕಿನ ಎತ್ತರವನ್ನು 1 ಎಂದು ಇಟ್ಟುಕೊಂಡರೆ ಅದರಲ್ಲಿ ಗುಳಿಯ ಎತ್ತರ ಎಷ್ಟು ಎಂಬುದನ್ನು ಕಣ್ಣಿನ ಚೀಟಿಯಲ್ಲಿ 0.3, 0.5, 0.8 ಎಂದು ಬರೆದಿರುತ್ತಾರೆ. 0.7 ದಾಟಿದರೆ, ಅಥವಾ ಎರಡು ಕಣ್ಣುಗಳ ನಡುವೆ 0.2ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನಪಡಬೇಕು.

ಆದರೆ ಈ ಅಂಕಿಯೊಂದನ್ನೇ ನಂಬಿದರೆ ಎರಡು ಕಡೆ ಮೋಸಹೋಗುತ್ತೇವೆ. ಕೆಲವರಿಗೆ ಹುಟ್ಟಿನಿಂದಲೇ ಡಿಸ್ಕ್ ದೊಡ್ಡದು. ಅಷ್ಟೇ ತಂತುಗಳು ದೊಡ್ಡ ಬಾಗಿಲಲ್ಲಿ ಹಾದುಹೋಗುವುದರಿಂದ ಗುಳಿಯೂ ದೊಡ್ಡದಾಗಿಯೇ ಇರುತ್ತದೆ, ಕಾಯಿಲೆ ಇರುವುದಿಲ್ಲ. ಇನ್ನು ಕೆಲವರಿಗೆ ಡಿಸ್ಕ್ ಪುಟ್ಟದು, ಅವರಲ್ಲಿ 0.5 ಎಂಬ ಸಾಧಾರಣ ಅಂಕಿಯೂ ಸಾಕಷ್ಟು ಹಾನಿಯನ್ನು ಮುಚ್ಚಿಟ್ಟಿರಬಹುದು. ಆದ್ದರಿಂದ ಪಳಗಿದವರು ಅಂಕಿಗಿಂತ ಮೊದಲು ಬಳೆಯ ದಪ್ಪ ನೋಡುತ್ತಾರೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಬಳೆ ಕೆಳಗಡೆ ಎಲ್ಲಕ್ಕಿಂತ ದಪ್ಪ, ಆಮೇಲೆ ಮೇಲ್ಗಡೆ, ನಂತರ ಮೂಗಿನ ಕಡೆ, ಕಿವಿಯ ಕಡೆ ಎಲ್ಲಕ್ಕಿಂತ ತೆಳು. ಗ್ಲಾಕೋಮಾ ಮೊದಲು ಕೈಹಾಕುವುದು ಕೆಳಗಿನ ಮತ್ತು ಮೇಲಿನ ದಪ್ಪ ಭಾಗಗಳಿಗೆ, ಅದರಲ್ಲೂ ಕೆಳಗೆ ಕಿವಿಯ ಕಡೆಗಿರುವ ಮೂಲೆಗೆ. ಅಲ್ಲಿ ಕಚ್ಚಿ ತೆಗೆದಂತೆ ಕಾಣುವ ತಗ್ಗು ಇದ್ದರೆ ಅಂಕಿ ಎಷ್ಟೇ ಇರಲಿ, ಬಿಡುವಂತಿಲ್ಲ.

ಇನ್ನೊಂದು ತೊಡಕಿದೆ. ಗುಳಿ ಎಂದರೆ ಆಳ, ಫೋಟೊ ಎಂದರೆ ಚಪ್ಪಟೆ. ಚಿತ್ರದಲ್ಲಿ ಬಿಳಿಚಿಕೊಂಡ ಭಾಗವೇ ಗುಳಿ ಎಂದು ಅಳೆಯಹೊರಟರೆ ನಿಜವಾದ ಗುಳಿ ಅದಕ್ಕಿಂತ ದೊಡ್ಡದಿರಬಹುದು. ಹಿಂದೆ ದೊಡ್ಡವರೇ ಇದರಲ್ಲಿ ತಪ್ಪಿದ್ದುಂಟು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಜಗತ್ತಿಗೆ ತಿಳಿಸಿದರು. ಅದನ್ನು ಹಿಡಿದು ಗ್ಲಾಕೋಮಾ ರೋಗಿಗಳ ಡಿಸ್ಕನ್ನು ಮೊದಮೊದಲು ನೋಡಿದ ಯೇಗರ್ ಮತ್ತು ಫಾನ್ ಗ್ರೇಫೆ ಇಬ್ಬರೂ ಅದು ಉಬ್ಬಿಕೊಂಡಿದೆ ಎಂದು ಬರೆದರು. ಒಂದೇ ಕಣ್ಣಿನಿಂದ ಇಣುಕುವ ಉಪಕರಣದಲ್ಲಿ ಉಬ್ಬೂ ತಗ್ಗೂ ಒಂದೇ ಥರ ಕಂಡಿತ್ತು. ಅದು ಗುಳಿ ಎಂಬುದು ಕೆಲವೇ ವರ್ಷಗಳಲ್ಲಿ ಖಚಿತವಾಯಿತು, ಗ್ರೇಫೆಯವರೇ ತಮ್ಮ ಮಾತನ್ನು ತಿದ್ದಿಕೊಂಡರು. ಇವತ್ತಿಗೂ ಚಪ್ಪಟೆ ಚಿತ್ರ ಓದುವವರು ಬಣ್ಣವನ್ನು ಬಿಟ್ಟು ನಾಳಗಳನ್ನು ಹಿಂಬಾಲಿಸುತ್ತಾರೆ. ಬಳೆಯ ಮೇಲೆ ನೇರವಾಗಿ ಬರುತ್ತಿದ್ದ ನಾಳ ಎಲ್ಲಿ ತಟ್ಟನೆ ಬಾಗುತ್ತದೋ ಅಲ್ಲಿಂದ ಗುಳಿ ಶುರು.

ಈಗ ಒಂದು ಉದಾಹರಣೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಇದು ಯಾರೋ ಒಬ್ಬರ ಕಥೆಯಲ್ಲ. ಚಿಕಿತ್ಸಾಲಯಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬರಲ್ಲಿ ಕೂಡಿಸಿ ಹೇಳುತ್ತಿದ್ದೇನೆ. 54 ವರ್ಷದ ಶಿಕ್ಷಕಿ. ಶುಗರ್ ಬಂದು 11 ವರ್ಷ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.4. ಬಂದದ್ದು ಓದುವ ಕನ್ನಡಕದ ನಂಬರ್ ಬದಲಿಸಲು. ಕನ್ನಡಕ ಹಾಕಿದರೆ ಎರಡೂ ಕಣ್ಣಿನಲ್ಲಿ ಕೊನೆಯ ಸಾಲಿನವರೆಗೂ, ಅಂದರೆ 6/6 ಓದುತ್ತಾರೆ. ಕಣ್ಣಿನ ಒತ್ತಡ ಬಲಕ್ಕೆ 16, ಎಡಕ್ಕೆ 17. ಪುಸ್ತಕದ ಪ್ರಕಾರ 10ರಿಂದ 21ರವರೆಗೆ ಸಾಮಾನ್ಯ. ಇಲ್ಲಿಯವರೆಗೆ ಯಾವ ತಕರಾರೂ ಇಲ್ಲ.

ಬಲಗಣ್ಣಿನ ಚಿತ್ರ. ಡಿಸ್ಕಿನ ಗುಳಿ 0.5, ಬಳೆ ಸುತ್ತಲೂ ದಪ್ಪವಾಗಿದೆ, ಕೆಳಗೆ ಇನ್ನೂ ದಪ್ಪ. ಮ್ಯಾಕ್ಯುಲಾದ ಹೊರಬದಿಗೆ ಐದಾರು ಕೆಂಪು ಚುಕ್ಕೆಗಳು, ಎರಡು ರಕ್ತದ ಕಲೆಗಳು, ಅವುಗಳನ್ನು ಬಳಸಿ ಅರ್ಧ ಉಂಗುರದಷ್ಟು ಹಳದಿ ಕಣಗಳು. ನಡುಬಿಂದುವಿನಿಂದ ಆ ಹಳದಿ ಕಣಗಳ ದೂರ ಒಂದು ಡಿಸ್ಕಿನ ಅಗಲಕ್ಕಿಂತ ಕಡಿಮೆ. ಮುಖ್ಯವಾದದ್ದು ಈ ದೂರವೇ. ಮ್ಯಾಕ್ಯುಲಾದಲ್ಲಿ ನೀರು ತುಂಬಿ ದಪ್ಪವಾಗಿದೆಯೇ ಎಂಬುದನ್ನು ಚಪ್ಪಟೆ ಫೋಟೊ ಹೇಳಲಾರದು. ಹಳದಿ ಕಣಗಳು ಇಷ್ಟು ಹತ್ತಿರ ಬಂದಿದ್ದರೆ ನೀರೂ ಇರಬಹುದು ಎಂದು ಊಹಿಸಿ, ರೆಟಿನಾದ ಪದರಗಳನ್ನು ಅಡ್ಡಕ್ಕೆ ಕೊಯ್ದಂತೆ ತೋರಿಸುವ ಒಸಿಟಿ ಸ್ಕ್ಯಾನಿಗೆ ಕಳಿಸಬೇಕು. ಇವರ ಸ್ಕ್ಯಾನಿನಲ್ಲಿ ಪಕ್ಕದಲ್ಲಿ ಸ್ವಲ್ಪ ಊತವಿದೆ, ನಡುಬಿಂದು ಒಣಗಿದೆ. ನಡುಬಿಂದುವಿಗೆ ನೀರು ಬಾರದೆ, ದೃಷ್ಟಿಯೂ ಚೆನ್ನಾಗಿರುವಾಗ ಕಣ್ಣಿಗೆ ಇಂಜೆಕ್ಷನ್ ಕೊಡುವ ಅವಸರವಿಲ್ಲ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರನ್ನೂ ಹಿಡಿತಕ್ಕೆ ತಂದು, ಮೂರು ನಾಲ್ಕು ತಿಂಗಳಲ್ಲಿ ಮತ್ತೆ ನೋಡಬೇಕು.

ಎಡಗಣ್ಣಿನ ಚಿತ್ರದಲ್ಲಿ ಶುಗರಿನ ಗುರುತು ಕಡಿಮೆ. ಮೂರು ಚುಕ್ಕೆಗಳು, ಹಳದಿ ಇಲ್ಲ. ಡಿಸ್ಕಿನ ಅಂಚಿನಲ್ಲಿ, ಗಡಿಯಾರದ ಐದು ಗಂಟೆಯ ಜಾಗದಲ್ಲಿ, ಸಣ್ಣ ಗೀರಿನಂಥ ಒಂದು ರಕ್ತದ ಗುರುತು ಇದೆ. ಅವಸರದಲ್ಲಿ ಓದುವವರು ಇದನ್ನೂ ಶುಗರಿನ ಲೆಕ್ಕಕ್ಕೆ ಸೇರಿಸಿ, ‘ಎಡಗಣ್ಣು: ಆರಂಭದ ಹಂತ, ಒಂದು ವರ್ಷ ಬಿಟ್ಟು ಬನ್ನಿ’ ಎಂದು ಬರೆದುಬಿಡುತ್ತಾರೆ. ಆ ಬರಹದಲ್ಲಿ ಶುಗರಿನ ಮಟ್ಟಿಗೆ ತಪ್ಪೇನೂ ಇರುವುದಿಲ್ಲ. ಆದರೆ ಆ ಗೀರು ಇರುವ ಜಾಗ ನೋಡಿ. ಶುಗರಿನ ಕಲೆಗಳು ಹೆಚ್ಚಾಗಿ ರೆಟಿನಾದ ಒಳಪದರದಲ್ಲಿ, ಅಲ್ಲಲ್ಲಿ ಚದುರಿ, ದುಂಡಗೆ ಇರುತ್ತವೆ. ಇದು ನರತಂತುಗಳ ಸಾಲನ್ನೇ ಹಿಡಿದು ಉದ್ದಕ್ಕೆ, ಸರಿಯಾಗಿ ಡಿಸ್ಕಿನ ಅಂಚನ್ನು ದಾಟಿಕೊಂಡು ನಿಂತಿದೆ. ಕೆನಡಾದ ಸ್ಟೀಫನ್ ಡ್ರಾನ್ಸ್ ಎಂಬ ನೇತ್ರವೈದ್ಯರು 1970ರ ಹೊತ್ತಿಗೆ ಇಂಥ ಗೀರಿಗೂ ಗ್ಲಾಕೋಮಾಕ್ಕೂ ಇರುವ ನಂಟನ್ನು ಒತ್ತಿ ಹೇಳಿದರು. ಇಂದಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುವುದುಂಟು.

ಆದರೂ ಗೀರೊಂದೇ ಸಾಕ್ಷಿಯಾಗದು. ಬಿಪಿ ಇದ್ದವರಲ್ಲಿ, ಶುಗರ್ ಇದ್ದವರಲ್ಲಿ ಕೂಡ ಡಿಸ್ಕಿನ ಮೇಲೆ ರಕ್ತ ಕಾಣಬಹುದು. ಅದರ ಪಕ್ಕದ ಬಳೆ ಹೇಗಿದೆ ಎಂದು ನೋಡಬೇಕು. ಇವರ ಎಡ ಡಿಸ್ಕಿನ ಗುಳಿ 0.75. ಬಲಗಣ್ಣಿನ 0.5ರ ಪಕ್ಕ ಇಟ್ಟರೆ ವ್ಯತ್ಯಾಸ 0.25. ಎರಡೂ ಡಿಸ್ಕುಗಳ ಗಾತ್ರ ಒಂದೇ, ಆದ್ದರಿಂದ ಹುಟ್ಟಿನ ವ್ಯತ್ಯಾಸ ಎಂದು ತಳ್ಳಿಹಾಕುವ ಹಾಗಿಲ್ಲ. ಎಲ್ಲಕ್ಕಿಂತ ದಪ್ಪವಾಗಿರಬೇಕಾದ ಕೆಳಗಿನ ಬಳೆ ಐದು ಗಂಟೆಯ ಜಾಗದಲ್ಲಿ ನೂಲಿನಷ್ಟಾಗಿದೆ, ಗೀರು ಇರುವುದೂ ಅಲ್ಲೇ. ಈಗ ಚಿತ್ರದ ಕೆಂಪು ಬಣ್ಣ ತೆಗೆದು, ಹಸಿರು ಬೆಳಕಿನಲ್ಲಿ ಮಾತ್ರ ನೋಡಿದರೆ ನರತಂತುಗಳು ಬೆಳ್ಳಿಯ ಬಣ್ಣದ ಸಣ್ಣ ಗೆರೆಗಳಾಗಿ ಎದ್ದು ಕಾಣುತ್ತವೆ. ಐದು ಗಂಟೆಯ ಜಾಗದಿಂದ ಹೊರಟು ಮ್ಯಾಕ್ಯುಲಾದ ಕೆಳಗೆ ಬಾಗುವ ಒಂದು ಪಟ್ಟಿಯಲ್ಲಿ ಮಾತ್ರ ಆ ಗೆರೆಗಳಿಲ್ಲ, ಬರೀ ಕಪ್ಪು. ಬಳೆಯಲ್ಲಿ ತಗ್ಗು, ಅದರ ಬಳಿ ರಕ್ತ, ಅಲ್ಲಿಂದಲೇ ಹೊರಟ ಕಪ್ಪು ಪಟ್ಟಿ: ಮೂರೂ ಒಂದೇ ಕಡೆ ಬೆರಳು ಮಾಡುತ್ತಿವೆ.

ದೃಷ್ಟಿಯ ವ್ಯಾಪ್ತಿ ಅಳೆಯುವ ಪರೀಕ್ಷೆ, ಅಂದರೆ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವ ಫೀಲ್ಡ್ ಟೆಸ್ಟ್ ಮಾಡಿದರೆ ಎಡಗಣ್ಣಿನಲ್ಲಿ ಮೇಲ್ಗಡೆ, ಮೂಗಿನ ಬದಿಗೆ ಒಂದು ಭಾಗ ಮಸುಕಾಗಿರುವುದು ಸಿಗುತ್ತದೆ. ರೆಟಿನಾದಲ್ಲಿ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಕೆಳಗಿನ ತಂತುಗಳು ಸತ್ತರೆ ಮೇಲಿನ ನೋಟ ಹೋಗುತ್ತದೆ. ಶಿಕ್ಷಕಿಗೆ ಇದು ಗೊತ್ತೇ ಆಗಿರಲಿಲ್ಲ, ಏಕೆಂದರೆ ಆ ಭಾಗವನ್ನು ಬಲಗಣ್ಣು ನೋಡಿಕೊಳ್ಳುತ್ತಿತ್ತು. ಫೀಲ್ಡ್ ಟೆಸ್ಟಿನಲ್ಲಿ ದೋಷ ಕಾಣುವ ಹೊತ್ತಿಗೆ ನರಕೋಶಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಗಿರಬಹುದು. ಹೋದದ್ದನ್ನು ಮರಳಿ ತರುವ ಚಿಕಿತ್ಸೆ ಇನ್ನೂ ಇಲ್ಲ. ತಮಿಳುನಾಡು, ಆಂಧ್ರಗಳಲ್ಲಿ ಹಿಂದೆ ನಡೆದ ದೊಡ್ಡ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಪತ್ತೆಯಾದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ತಮಗೆ ಅದಿದೆ ಎಂಬುದೇ ತಿಳಿದಿರಲಿಲ್ಲ.

ಒತ್ತಡ 17 ಇದ್ದೂ ಗ್ಲಾಕೋಮಾ ಬರುವುದೇ ಎಂದು ಯಾರಾದರೂ ಕೇಳುತ್ತಾರೆ. ಬರುತ್ತದೆ. ಕೆಲವರ ನರ ಸಾಮಾನ್ಯ ಒತ್ತಡವನ್ನೂ ತಾಳುವುದಿಲ್ಲ. ಕಾರ್ನಿಯಾ ತೆಳುವಾಗಿದ್ದವರಲ್ಲಿ ಯಂತ್ರ ಒತ್ತಡವನ್ನು ಕಡಿಮೆ ತೋರಿಸುವುದೂ ಉಂಟು. ಇಂಥವರಲ್ಲೂ ಒತ್ತಡವನ್ನು ಶೇಕಡ 30ರಷ್ಟು ಇಳಿಸಿದರೆ ಹಾನಿಯ ವೇಗ ತಗ್ಗುತ್ತದೆ ಎಂದು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇವರಿಗೆ ರಾತ್ರಿ ಮಲಗುವಾಗ ಒಂದು ಹನಿ ಔಷಧಿ, ಒತ್ತಡ 12ರ ಆಸುಪಾಸಿಗೆ ಇಳಿಸುವ ಗುರಿ. ಮೂರು ತಿಂಗಳ ಮೇಲೆ ಫೋಟೊ ತೆಗೆದರೆ ಆ ಗೀರು ಮಾಯವಾಗಿರುತ್ತದೆ. ಡಿಸ್ಕಿನ ರಕ್ತ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಹೀರಿಹೋಗುತ್ತದೆ. ಮೊದಲ ಚಿತ್ರವನ್ನು ಇಟ್ಟುಕೊಳ್ಳದೆ ಹೋಗಿದ್ದರೆ ಅಲ್ಲಿ ರಕ್ತವಿತ್ತು ಎಂಬುದಕ್ಕೆ ಯಾವ ದಾಖಲೆಯೂ ಉಳಿಯುತ್ತಿರಲಿಲ್ಲ.

ಒಬ್ಬರಲ್ಲೇ ಎರಡೂ ಕಾಯಿಲೆ ಇರುವುದು ಮೊದಲೇ ಗೊತ್ತಾದರೆ ಶುಗರಿನ ಚಿಕಿತ್ಸೆಯ ದಾರಿಯೂ ಬದಲಾಗುತ್ತದೆ. ಮುಂದೊಂದು ದಿನ ಇವರ ಮ್ಯಾಕ್ಯುಲಾಕ್ಕೆ ನೀರು ಬಂದರೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವ ಮುನ್ನ ವೈದ್ಯರು ಎರಡು ಬಾರಿ ಯೋಚಿಸುತ್ತಾರೆ, ಏಕೆಂದರೆ ಅದು ಹಲವರಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ. ಹೊಸ ನಾಳಗಳು ಬೆಳೆದು ರೆಟಿನಾದ ಸುತ್ತಲೂ ಲೇಸರ್ ಹಾಕಬೇಕಾಗಿ ಬಂದರೆ, ಆಮೇಲೆ ಫೀಲ್ಡ್ ಟೆಸ್ಟ್ ಕುಗ್ಗಿದ್ದು ಲೇಸರಿನಿಂದಲೋ ಗ್ಲಾಕೋಮಾದಿಂದಲೋ ಹೇಳುವುದು ಕಷ್ಟ. ಲೇಸರಿಗೆ ಮುಂಚಿನ ಡಿಸ್ಕಿನ ಚಿತ್ರ ಕೈಯಲ್ಲಿದ್ದರೆ ಹೋಲಿಸಿ ನೋಡಬಹುದು. ಅಲಕ್ಷ್ಯ ಮಾಡಿದ ಶುಗರೇ ಮುಂದೆ ಗ್ಲಾಕೋಮಾ ತರುವುದೂ ಇದೆ: ಹೊಸ ನಾಳಗಳು ಕಣ್ಣಿನ ಮುಂಭಾಗದವರೆಗೆ ಬೆಳೆದು, ಒಳಗಿನ ದ್ರವ ಹೊರಹೋಗುವ ಮೂಲೆಯನ್ನೇ ಮುಚ್ಚಿಬಿಡುತ್ತವೆ. ತುಂಬ ನೋವಿನ, ಹತೋಟಿಗೆ ಸಿಗದ ಗ್ಲಾಕೋಮಾ ಅದು.

ಫೋಟೊ ತಪ್ಪು ಹೇಳುವ ಸಂದರ್ಭಗಳೂ ಇವೆ. ರೆಟಿನಾ ಚೆನ್ನಾಗಿ ಕಾಣಲೆಂದು ಬೆಳಕು ಹೆಚ್ಚಿಸಿದರೆ ಡಿಸ್ಕ್ ಬೆಳ್ಳಗೆ ಸುಟ್ಟಂತಾಗಿ ಬಳೆಯ ಅಂಚೇ ಅಳಿಸಿಹೋಗುತ್ತದೆ. ಶುಗರಿಗಾಗಿ ತೆಗೆದ ಚಿತ್ರಗಳಲ್ಲಿ ಗ್ಲಾಕೋಮಾ ತಪ್ಪಿಹೋಗಲು ಇದೂ ಒಂದು ಕಾರಣ. ಡಿಸ್ಕಿಗಾಗಿ ಬೆಳಕು ತಗ್ಗಿಸಿ ಇನ್ನೊಂದು ಚಿತ್ರ ತೆಗೆಯಲು ಒಂದು ನಿಮಿಷವೂ ಬೇಡ, ತೆಗೆಯಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪೊರೆ ಬಂದಿದ್ದರೆ ಇಡೀ ಚಿತ್ರ ಮಬ್ಬಾಗುತ್ತದೆ. ಮಬ್ಬು ಚಿತ್ರದಲ್ಲಿ ಏನೂ ಕಾಣಲಿಲ್ಲ ಎಂದರೆ ಏನೂ ಇಲ್ಲ ಎಂದಾಗದು, ಅಂಥವರನ್ನು ವೈದ್ಯರೇ ನೇರವಾಗಿ ನೋಡಬೇಕು. ಎರಡೂ ಕಣ್ಣಿನ ಚಿತ್ರದಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಮಚ್ಚೆ ಇದ್ದರೆ ಅದು ಲೆನ್ಸಿನ ಮೇಲಿನ ಧೂಳು. ಸಾಮಾನ್ಯ ಕ್ಯಾಮೆರಾ ಹಿಡಿಯುವುದು 45 ಡಿಗ್ರಿಯಷ್ಟು ನಡುಭಾಗವನ್ನು ಮಾತ್ರ, ಅಂಚಿನಲ್ಲಿ ಬೆಳೆದ ಹೊಸ ನಾಳ ಅದರಲ್ಲಿ ಬಾರದೆ ಹೋಗಬಹುದು. ಕಣ್ಣಿನ ದ್ರವ ಹೊರಹೋಗುವ ಮೂಲೆ ಕಿರಿದಾಗಿದೆಯೇ ಎಂಬುದನ್ನಂತೂ ಯಾವ ರೆಟಿನಾ ಫೋಟೊವೂ ತೋರಿಸದು. ಅದಕ್ಕೆ ಕಣ್ಣಿನ ಮೇಲೆ ಮಸೂರ ಇಟ್ಟು ನೋಡುವ ಬೇರೆ ಪರೀಕ್ಷೆ ಇದೆ.

ಶುಗರ್ ಇರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ದೊಡ್ಡ ವಯಸ್ಸಿನಲ್ಲಿ ಶುಗರ್ ಬಂದವರು ಅದು ಪತ್ತೆಯಾದ ವರ್ಷವೇ ಕಣ್ಣಿನ ಫೋಟೊ ತೆಗೆಸಿ, ಆಮೇಲೆ ವೈದ್ಯರು ಹೇಳಿದಷ್ಟು ಕಾಲಕ್ಕೊಮ್ಮೆ ತೆಗೆಸುತ್ತಿರಿ. ‘ಶುಗರ್ ಎಷ್ಟಾಗಿದೆ’ ಎಂದು ಕೇಳಿದ ಮೇಲೆ ‘ಡಿಸ್ಕ್ ಹೇಗಿದೆ, ಎರಡು ಕಣ್ಣಿನ ಗುಳಿಯ ಅಂಕಿ ಎಷ್ಟು’ ಎಂದೂ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರಿಗಾದರೂ ಗ್ಲಾಕೋಮಾ ಇದ್ದರೆ ಕೇಳುವ ಮೊದಲೇ ಹೇಳಿ. ಚಿತ್ರದ ಪ್ರತಿಯನ್ನು ಮೊಬೈಲಿಗೆ ಹಾಕಿಸಿಕೊಂಡು, ಮುಂದಿನ ಸಲ ಬೇರೆ ಆಸ್ಪತ್ರೆಗೆ ಹೋದರೂ ಹಳೆಯ ಚಿತ್ರವನ್ನು ವೈದ್ಯರ ಮುಂದೆ ಇಡಿ. ಹನಿ ಹಾಕಿದ ದಿನ ನಾಲ್ಕೈದು ಗಂಟೆ ನೋಟ ಮಂಜಾಗಿರುತ್ತದೆ, ಸ್ಕೂಟರ್ ತೆಗೆದುಕೊಂಡು ಹೋಗಬೇಡಿ.